ಕಿವಿ ಕೇಳದ ನಾಯಿಗೆ ಮೊದಲು ಕಲಿಸಬೇಕಾದದ್ದು

(ನಾಯಿ ಸಾಕುವವರ ಒಂದು ಸಭೆಯಲ್ಲಿ ಆಡಿದ ಮಾತಿನ ಬರಹ ರೂಪ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಎರಡನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಇಲ್ಲಿ ಹುಟ್ಟು ಕಿವುಡು ಮರಿಗಳನ್ನು ಸಾಕುತ್ತಿರುವವರು ಕೆಲವರಿದ್ದೀರಿ. ಮನೆಯ ಹಳೇ ನಾಯಿಗೆ ಈಗೀಗ ಕಿವಿ ಮಂದವಾಗುತ್ತಿದೆ ಅನ್ನುವವರೂ ಇದ್ದೀರಿ. ಇಬ್ಬರೂ ನನ್ನನ್ನು ಕೇಳುವ ಮೊದಲ ಪ್ರಶ್ನೆ ಒಂದೇ: "ಯಾವ ಯಾವ ಕೈಸನ್ನೆ ಕಲಿಸಬೇಕು?"

ಕೈಸನ್ನೆ ಕಲಿಸುವುದು ನಿಜವಾಗಿ ಸುಲಭ. ಕಿವಿ ಚೆನ್ನಾಗಿ ಕೇಳುವ ನಾಯಿಗಳೂ ನಮ್ಮ ಮಾತಿಗಿಂತ ಕೈಯ ಚಲನೆಯನ್ನೇ ಬೇಗ ಹಿಡಿಯುತ್ತವೆ. "ಕೂರು" ಅಂತ ಹೇಳುತ್ತಾ ಕೈ ಎತ್ತುತ್ತೀರಲ್ಲ, ಒಮ್ಮೆ ಕೈ ಎತ್ತದೆ ಬರೀ ಮಾತಲ್ಲಿ ಹೇಳಿ ನೋಡಿ. ಎಷ್ಟೋ ನಾಯಿಗಳು ಸುಮ್ನೆ ನಿಮ್ಮ ಮುಖ ನೋಡುತ್ತಾ ನಿಂತುಬಿಡುತ್ತವೆ.

ಕಷ್ಟ ಇರುವುದು ಬೇರೆ ಕಡೆ. ನಾಯಿ ನಿಮಗೆ ಬೆನ್ನು ಹಾಕಿ ಗಿಡದ ಬುಡ ಮೂಸುತ್ತಿದೆ. ನಿಮ್ಮ ಕೈಸನ್ನೆ ಎಷ್ಟು ಚೆನ್ನಾಗಿದ್ದರೂ ಅದಕ್ಕೆ ಕಾಣುವುದಿಲ್ಲ. ಕೇಳುವ ನಾಯಿಯಾದರೆ ಹೆಸರು ಕೂಗಿ ತಿರುಗಿಸಬಹುದು. ಇದಕ್ಕೆ ಆ ಹೆಸರೇ ಇಲ್ಲ. ಹಾಗಾಗಿ ನಾನು ಇವತ್ತು ಮಾತಾಡುವುದು ಹೆಚ್ಚಾಗಿ ಒಂದೇ ವಿಷಯದ ಬಗ್ಗೆ. ನಾಯಿ ನಮ್ಮ ಕಡೆ ತಿರುಗಿ ನೋಡುವಂತೆ ಮಾಡುವುದು ಹೇಗೆ? ಅದು ಬಂದರೆ ಉಳಿದದ್ದೆಲ್ಲ ಅದರ ಹಿಂದೆ ಬರುತ್ತದೆ.

ಉದಾಹರಣೆಗೆ ಬೆಳ್ಳಿ ಅನ್ನುವ ನಾಯಿಯ ಕತೆ ಹೇಳುತ್ತೇನೆ. ರಾಜಪಾಳ್ಯಂ ಬೆರಕೆಯ ಹೆಣ್ಣು ನಾಯಿ, ಮೈಯೆಲ್ಲ ಬಿಳಿ, ಮೂಗು ಗುಲಾಬಿ. ಸಾಕಿದವರು ನಿವೃತ್ತ ಶಾಲಾ ಶಿಕ್ಷಕಿ. ಮನೆಯಲ್ಲಿ ಮಗ, ಸೊಸೆ, ಹತ್ತು ವರ್ಷದ ಮೊಮ್ಮಗ ಇದ್ದಾರೆ. ನನಗೆ ಫೋನ್ ಮಾಡಿದಾಗ ಟೀಚರ್ ಹೇಳಿದ್ದು, "ತುಂಬಾ ಹಟಮಾರಿ ಕಣಪ್ಪಾ, ಕರೆದರೆ ಬರೋದೇ ಇಲ್ಲ" ಅಂತ. ಮನೆಗೆ ಹೋಗಿ ನೋಡಿದರೆ ಬೆಳ್ಳಿ ಅಡುಗೆಮನೆ ಬಾಗಿಲಲ್ಲೇ ಮಲಗಿತ್ತು. ಕುಕ್ಕರ್ ಕೂಗಿತು. ಅದರ ಕಿವಿ ಒಂದಿಷ್ಟೂ ಅಲ್ಲಾಡಲಿಲ್ಲ.

ಬಿಳಿ ಮೈಗೂ ಕಿವುಡಿಗೂ ನಂಟಿದೆ. ಮೈಗೆ ಬಣ್ಣ ಕೊಡುವ ಜೀವಕೋಶಗಳು ಒಳಕಿವಿಯಲ್ಲೂ ಇರುತ್ತವೆ. ಅಲ್ಲಿ ಅವುಗಳ ಕೆಲಸ ಬಣ್ಣ ಕೊಡುವುದಲ್ಲ. ಸದ್ದನ್ನು ಹಿಡಿಯುವ ಸೂಕ್ಷ್ಮ ರೋಮಕೋಶಗಳು ಬದುಕಿರಲು ಬೇಕಾದ ವಾತಾವರಣವನ್ನು ಕಾಪಾಡುವುದು. ಮೈಮೇಲೆ ಬಿಳಿ ಜಾಸ್ತಿ ಇರುವ ಕೆಲವು ನಾಯಿಗಳಲ್ಲಿ ಈ ಕೋಶಗಳು ಒಳಕಿವಿಗೆ ತಲುಪಿರುವುದೇ ಇಲ್ಲ. ಆಗ ರೋಮಕೋಶಗಳು ಮರಿ ಹುಟ್ಟಿದ ಮೂರು-ನಾಲ್ಕು ವಾರದೊಳಗೆ ಸತ್ತುಹೋಗುತ್ತವೆ. ಮರಿಗಳ ಕಿವಿನಾಳ ತೆರೆಯುವುದೇ ಸುಮಾರು ಎರಡು ವಾರಕ್ಕೆ. ಅಂದರೆ ಆ ಮರಿಗೆ ಕೇಳಿಸುವ ಕಾಲ ತೀರಾ ಕಡಿಮೆ. ಡಾಲ್ಮೇಷಿಯನ್‌ಗಳಲ್ಲಿ ಇದು ಬಹಳ ಹೆಚ್ಚು. ಬಿಳಿ ಬಾಕ್ಸರ್, ಬಿಳಿ ಬುಲ್ ಟೆರಿಯರ್, ನಮ್ಮ ಪಕ್ಕದ ತಮಿಳುನಾಡಿನ ರಾಜಪಾಳ್ಯಂ ತಳಿಗಳಲ್ಲೂ ಕಾಣುತ್ತದೆ. ಹೀಗೆ ಹುಟ್ಟಿನಿಂದ ಬಂದ ಕಿವುಡಿಗೆ ಔಷಧಿ ಇಲ್ಲ. ಕಿವಿಗೆ ಎಣ್ಣೆ ಬಿಡುವುದು, ಡ್ರಾಪ್ಸ್ ಹಾಕುವುದು ಮಾಡಬೇಡಿ. ಆದರೆ ಕೀವು, ವಾಸನೆ, ತಲೆ ಕೊಡವುವುದು ಇದ್ದರೆ ಅದು ಸೋಂಕು. ಅದಕ್ಕೆ ವೈದ್ಯರ ಹತ್ತಿರ ಹೋಗಲೇಬೇಕು, ಕಿವಿ ಮಂದವಾಗಲು ಅದೇ ಕಾರಣವಾಗಿರಬಹುದು.

ಖಚಿತವಾಗಿ ತಿಳಿಯಬೇಕೆಂದರೆ ಬೇರ್ ಅನ್ನುವ ಪರೀಕ್ಷೆ ಇದೆ. ಕಿವಿಗೆ ಚಿಕ್ಕ ಇಯರ್‌ಫೋನ್ ಇಟ್ಟು ಟಕ್ ಟಕ್ ಸದ್ದು ಕೊಡುತ್ತಾರೆ. ಮಿದುಳು ಅದಕ್ಕೆ ಸ್ಪಂದಿಸಿತೇ ಅಂತ ತಲೆಯ ಚರ್ಮದಡಿ ಇಟ್ಟ ಸಣ್ಣ ಸೂಜಿಗಳಿಂದ ಅಳೆಯುತ್ತಾರೆ. ಒಂದೇ ಕಿವಿ ಹೋಗಿದ್ದರೂ ಇದರಲ್ಲಿ ಗೊತ್ತಾಗುತ್ತದೆ. ಎಲ್ಲ ಊರಲ್ಲಿ ಇದು ಸಿಗುವುದಿಲ್ಲ. ಮನೆಯಲ್ಲಿ ನೋಡುವುದಾದರೆ ಫ್ಯಾನ್ ಆರಿಸಿ, ಒಬ್ಬರು ನಾಯಿಯ ಮುಂದೆ ತಿಂಡಿ ಹಿಡಿದು ಕೂರಿ. ಇನ್ನೊಬ್ಬರು ಬೇರೆ ಕೋಣೆಯಿಂದ ಶಿಳ್ಳೆ, ಕೀಲಿಗೊಂಚಲು, ತಟ್ಟೆ ಹೀಗೆ ಬೇರೆ ಬೇರೆ ಸದ್ದು ಮಾಡಿ. ಹಿಂದೆಯೇ ನಿಂತು ಚಪ್ಪಾಳೆ ತಟ್ಟಿದರೆ ಪರೀಕ್ಷೆ ಕೆಡುತ್ತದೆ, ಯಾಕೆಂದರೆ ನಾಯಿ ನಿಮ್ಮ ನೆರಳಿಗೋ ಗಾಳಿಗೋ ತಿರುಗಿರುತ್ತದೆ. ಬೆಳ್ಳಿಯ ಮನೆಯವರು ಇಷ್ಟು ದಿನ ಮೋಸ ಹೋದದ್ದೂ ಹೀಗೇ. ಹತ್ತಿರ ಹೋಗಿ ಕರೆದರೆ ಅದು ತಿರುಗುತ್ತಿತ್ತು. ದೂರದಿಂದ ಕರೆದರೆ ಇಲ್ಲ. ಅದನ್ನೇ ಅವರು ಹಟ ಅಂದುಕೊಂಡಿದ್ದರು.

ಈಗ ಪಾಠಕ್ಕೆ ಬರೋಣ.

ಬೆಳ್ಳಿಗೆ ಮೊದಲು ಕಲಿಸಿದ್ದು ಹೆಬ್ಬೆರಳು. ಹೆಬ್ಬೆರಳು ಎತ್ತಿ ತೋರಿಸಿದರೆ "ಸರಿ, ನಿನಗೆ ತಿಂಡಿ ಬರುತ್ತೆ" ಅಂತ ಅರ್ಥ. ಇದು ಆಜ್ಞೆ ಅಲ್ಲ. ನಾಯಿ ಸರಿಯಾದ ಕೆಲಸ ಮಾಡಿದ ಆ ಕ್ಷಣವನ್ನೇ ಗುರುತು ಹಾಕಿ ಹೇಳುವ ಸನ್ನೆ. ಕೇಳುವ ನಾಯಿಗೆ "ಶಭಾಷ್" ಅನ್ನುತ್ತೇವಲ್ಲ, ಅದರ ಜಾಗಕ್ಕೆ ಇದು. ಕಲಿಸುವುದು ಹೀಗೆ: ಹೆಬ್ಬೆರಳು ತೋರಿಸಿ, ಕೂಡಲೇ ಒಂದು ತುಂಡು ಕೊಡಿ. ನಾಯಿ ಏನೂ ಮಾಡಬೇಕಿಲ್ಲ. ಹೀಗೆ ಹತ್ತು ಸಲ, ಆಮೇಲೆ ಬಿಡುವು. ಹೆಬ್ಬೆರಳು ಕಂಡ ತಕ್ಷಣ ಬಾಲ ಅಲ್ಲಾಡಿತು, ಕಣ್ಣು ಅರಳಿತು ಅಂದರೆ ಕಲಿತಿದೆ ಅಂತ ಲೆಕ್ಕ.

ಇಲ್ಲಿ ಬಹಳ ಮನೆಗಳಲ್ಲಿ ಒಂದು ತಪ್ಪಾಗುತ್ತದೆ. ಒಂದು ಕೈ ಹೆಬ್ಬೆರಳು ಎತ್ತುವಷ್ಟರಲ್ಲೇ ಇನ್ನೊಂದು ಕೈ ತಿಂಡಿ ಚೀಲಕ್ಕೆ ಹೋಗಿರುತ್ತದೆ. ನಾಯಿಗೆ ಕಾಣುವುದು ಚೀಲದ ಕೈ ಮಾತ್ರ. ಸ್ವಲ್ಪ ದಿನದಲ್ಲಿ ಅದು ನಿಮ್ಮ ಮುಖ ಬಿಟ್ಟು ಸೊಂಟದ ಚೀಲವನ್ನೇ ದಿಟ್ಟಿಸಲು ಶುರು ಮಾಡುತ್ತದೆ. ಅದು ಕಂಡರೆ ಚೀಲ ತೆಗೆದಿಡಿ. ತಿಂಡಿಯ ಬಟ್ಟಲನ್ನು ನಿಮ್ಮ ಹಿಂದೆ ಶೆಲ್ಫಿನ ಮೇಲಿಡಿ. ಮೊದಲು ಹೆಬ್ಬೆರಳು, ಆಮೇಲೆ ಕೈ ಹಿಂದಕ್ಕೆ.

ಎರಡನೆಯದು ನೋಟ. ಖಾಲಿ ಕೋಣೆಯಲ್ಲಿ ನಾಯಿಯನ್ನು ಬಿಟ್ಟು ಸುಮ್ನೆ ನಿಲ್ಲಿ. ಕೈ ಬೀಸಬೇಡಿ, ಕಾಲು ಕುಟ್ಟಬೇಡಿ. ಅದು ಅಲ್ಲಿ ಇಲ್ಲಿ ಮೂಸಿ, ತನ್ನಷ್ಟಕ್ಕೆ ತಾನೇ ಒಮ್ಮೆ ನಿಮ್ಮ ಮುಖ ನೋಡುತ್ತದೆ. ನೋಡಿದ ಆ ಕ್ಷಣ ಹೆಬ್ಬೆರಳು, ತಿಂಡಿ. ದಿನದ ಊಟದಲ್ಲಿ ಅರ್ಧದಷ್ಟನ್ನು ಹೀಗೆ ಕೈಯಿಂದಲೇ ಕೊಡಿ ಅಂತ ನಾನು ಹೇಳುತ್ತೇನೆ. ಜಾಸ್ತಿ ತಿಂಡಿ ಬೇಕಿಲ್ಲ, ಅದರ ಪಾಲಿನ ಊಟವೇ ಸಾಕು. ಕೋಣೆಯಲ್ಲಿ ಸರಿಹೋದ ಮೇಲೆ ವರಾಂಡ, ಆಮೇಲೆ ಅಂಗಳ, ಆಮೇಲೆ ಹಗ್ಗ ಹಿಡಿದು ರಸ್ತೆ. ಪ್ರತಿ ಹೊಸ ಜಾಗದಲ್ಲೂ ಮೊದಲಿನಿಂದ ಶುರು ಮಾಡಬೇಕಾಗುತ್ತದೆ. ಅಂಗಳದಲ್ಲಿ ಅಳಿಲಿದೆ, ರಸ್ತೆಯಲ್ಲಿ ಬೇರೆ ನಾಯಿಯ ವಾಸನೆ ಇದೆ, ನಿಮ್ಮ ಮುಖಕ್ಕೆ ಅಲ್ಲಿ ಪೈಪೋಟಿ ಜಾಸ್ತಿ. ಬೆಳ್ಳಿ ಮನೆಯೊಳಗೆ ಬೇಗ ಕಲಿತರೂ ಗೇಟಿನ ಹತ್ತಿರ ಬಹಳ ದಿನ ಎಳೆದಾಡಿತು. ಟೀಚರ್ ಬೇಜಾರು ಮಾಡಿಕೊಳ್ಳದೆ ಗೇಟಿನ ಒಳಗೇ ನಿಂತು ಕಾದರು. ಈಗ ಅದು ನಡೆಯುವಾಗ ಕೆಲವು ಹೆಜ್ಜೆಗೊಮ್ಮೆ ತಾನಾಗಿ ತಲೆ ಎತ್ತಿ ಅವರನ್ನು ನೋಡುತ್ತದೆ. ಕಿವಿ ಕೇಳದ ನಾಯಿ ಹೀಗೆ ನೋಡುವ ಅಭ್ಯಾಸ ಮಾಡಿಕೊಂಡರೆ ಅರ್ಧ ಕೆಲಸಕ್ಕೆ ಯಾವ ಯಂತ್ರವೂ ಬೇಡ.

ಇನ್ನರ್ಧಕ್ಕೆ ವೈಬ್ರೇಷನ್ ಕಾಲರ್ ಉಪಯೋಗಕ್ಕೆ ಬರುತ್ತದೆ. ಮೊಬೈಲ್ ಸೈಲೆಂಟಲ್ಲಿ ಗುರುಗುಟ್ಟುತ್ತದಲ್ಲ, ಅದೇ ಥರ. ನಿಮ್ಮ ಕೈಯಲ್ಲಿ ರಿಮೋಟ್, ನಾಯಿಯ ಕತ್ತಿನಲ್ಲಿ ಒಂದು ಚಿಕ್ಕ ಡಬ್ಬಿ. ಕೊಳ್ಳುವಾಗ ಒಂದು ವಿಷಯ ಕಡ್ಡಾಯವಾಗಿ ನೋಡಿ. ಅಂಗಡಿಯಲ್ಲಿ, ಆನ್‌ಲೈನಲ್ಲಿ ಸಿಗುವ ಬಹಳಷ್ಟು ಕಾಲರ್‌ಗಳಲ್ಲಿ ವೈಬ್ರೇಷನ್ ಬಟನ್ ಪಕ್ಕದಲ್ಲೇ ಶಾಕ್ ಬಟನ್ ಇರುತ್ತದೆ. ಅಂಥದ್ದು ಬೇಡವೇ ಬೇಡ. "ನಾವು ಶಾಕ್ ಒತ್ತಲ್ಲ" ಅಂತೀರಿ, ಆದರೆ ಕತ್ತಲಲ್ಲಿ, ಮಳೆಯಲ್ಲಿ, ಗಾಬರಿಯಲ್ಲಿ ಬೆರಳು ಜಾರುತ್ತದೆ. ಮನೆಯ ಮಗು ಒತ್ತುತ್ತದೆ. ಶಾಕ್ ಇಲ್ಲದ ಕಾಲರ್‌ಗಳೂ ಸಿಗುತ್ತವೆ, ಹುಡುಕಿ ಅದನ್ನೇ ತನ್ನಿ.

ಆ ಗುರುಗುಟ್ಟುವಿಕೆಗೆ ಒಂದೇ ಅರ್ಥ ಇರಬೇಕು: "ನನ್ನ ಕಡೆ ನೋಡು." ಬಾ ಅಂತಲ್ಲ, ಬೇಡ ಅಂತಲ್ಲ, ನಿಲ್ಲು ಅಂತಲ್ಲ. ಅದು ನಾಯಿಯ ಹೆಸರು ಕೂಗಿದ ಹಾಗೆ, ಅಷ್ಟೇ. ಇನ್ನೊಂದು ಮನೆಯಲ್ಲಿ ನಾಯಿ ಹೂಕುಂಡ ಅಗೆದಾಗಲೆಲ್ಲ ಕಾಲರ್ ಒತ್ತುತ್ತಿದ್ದರು. ಕೆಲವೇ ದಿನದಲ್ಲಿ ಕಾಲರ್ ಕಂಡರೆ ಅದು ಮಂಚದಡಿ ಸೇರಿಕೊಳ್ಳುತ್ತಿತ್ತು. ಬೈಯುವುದಕ್ಕೆ ಮಾತ್ರ ಹೆಸರು ಕೂಗಿದರೆ ಯಾರು ತಾನೇ ಓಗೊಡುತ್ತಾರೆ? ಆ ನಾಯಿಗೆ ಆಮೇಲೆ ವೈಬ್ರೇಷನ್ ಕಲಿಸಲು ಆಗಲೇ ಇಲ್ಲ. ಬೇರೆ ದಾರಿ ಹಿಡಿಯಬೇಕಾಯಿತು, ಅದನ್ನು ಮುಂದೆ ಹೇಳುತ್ತೇನೆ.

ಬೆಳ್ಳಿಗೆ ಹೇಗೆ ಕಲಿಸಿದೆವು ಅಂತ ಹಂತ ಹಂತವಾಗಿ ಹೇಳುತ್ತೇನೆ. ಮೊದಲ ಕೆಲವು ದಿನ ಕಾಲರ್ ಆಫ್ ಮಾಡಿಯೇ ಹಾಕಿದೆವು. ಹಾಕಿ ಊಟ ಕೊಡುವುದು, ಆಮೇಲೆ ತೆಗೆಯುವುದು. ಕಾಲರ್ ಬಂದರೆ ಒಳ್ಳೆಯದೇ ಆಗುತ್ತದೆ ಅಂತ ಅದಕ್ಕೆ ಮೊದಲು ಅನ್ನಿಸಬೇಕು. ಆಮೇಲೆ ಡಬ್ಬಿಯನ್ನು ಕಾಲರಿನಿಂದ ಬಿಡಿಸಿ ಕೈಯಲ್ಲಿ ಹಿಡಿದು, ಎಲ್ಲಕ್ಕಿಂತ ಕಡಿಮೆ ಮಟ್ಟದಲ್ಲಿ, ಅದರ ಭುಜಕ್ಕೆ ತಾಗಿಸಿ ಒತ್ತಿದೆ. ಬೆಳ್ಳಿ ಬೆಚ್ಚಿತು. ಕಿವಿ ಹಿಂದಕ್ಕೆ ಹೋಯಿತು, ತುಟಿ ನೆಕ್ಕಿಕೊಂಡಿತು, ದೂರ ಹೋಗಿ ನಿಂತಿತು. ಈ ಮೂರರಲ್ಲಿ ಒಂದು ಕಂಡರೂ ಒಂದು ಹಂತ ಹಿಂದಕ್ಕೆ ಬರಬೇಕು. ಹಾಗಾಗಿ ಡಬ್ಬಿಯನ್ನು ಟವೆಲ್ಲಿನಲ್ಲಿ ಸುತ್ತಿ, ಅದು ಮಲಗುವ ಮರದ ಹಲಗೆಯ ಮೇಲಿಟ್ಟೆವು. ಅಲ್ಲಿ ಸಣ್ಣಗೆ ಗುರುಗುಟ್ಟಿಸಿ ತಿಂಡಿ ಕೊಟ್ಟೆವು. ದಿನ ಕಳೆದಂತೆ ಟವೆಲ್ಲಿನ ಮಡಿಕೆ ಕಡಿಮೆ ಮಾಡಿದೆವು. ಆಮೇಲೆ ಭುಜ, ಕೊನೆಗೆ ಕತ್ತು.

ಕತ್ತಿಗೆ ಬಂದ ಮೇಲೆ ಪಾಠ ಹೀಗೆ ನಡೆಯುತ್ತದೆ. ಒಂದು ಸೆಕೆಂಡ್ ಒತ್ತಿ. ನಿಂತ ಕೂಡಲೇ ತಿಂಡಿಯನ್ನು ಮೂಗಿನ ಹತ್ತಿರಕ್ಕೇ ಕೊಡಿ. ಈ ಹಂತದಲ್ಲಿ ಅದು ನಿಮ್ಮನ್ನು ನೋಡಲೇಬೇಕು ಅಂತೇನಿಲ್ಲ. ಒಂದು ಸಲಕ್ಕೆ ಎಂಟು-ಹತ್ತು ಬಾರಿ, ದಿನಕ್ಕೆ ಎರಡು ಸಲ ಸಾಕು. ನಡುವಿನ ಬಿಡುವು ಒಂದೇ ಥರ ಇರಬಾರದು, ಇಲ್ಲದಿದ್ದರೆ ನಾಯಿ ಗುರುಗುಟ್ಟುವುದನ್ನು ಬಿಟ್ಟು ಸಮಯವನ್ನೇ ಲೆಕ್ಕ ಹಾಕುತ್ತದೆ. ಒಂದಷ್ಟು ದಿನದ ಮೇಲೆ ಒತ್ತಿದಾಗ ಅದು ತಿಂಡಿ ಎಲ್ಲಿ ಅಂತ ತಲೆ ತಿರುಗಿಸಿ ಹುಡುಕುತ್ತದೆ. ಆಗ ಮುಂದಿನ ಹಂತ. ಒತ್ತಿ, ಕಾಯಿರಿ. ನಿಮ್ಮ ಮುಖದ ಕಡೆ ತಿರುಗಿದ ಕ್ಷಣ ಹೆಬ್ಬೆರಳು. ಇಲ್ಲಿಂದ ತಿಂಡಿಯನ್ನು ನೀವು ಅದರ ಹತ್ತಿರ ಒಯ್ಯಬೇಡಿ, ಅದು ನಿಮ್ಮ ಹತ್ತಿರ ಬಂದು ತಿನ್ನಲಿ.

ಒತ್ತಿದರೂ ತಿರುಗದಿದ್ದರೆ? ಮತ್ತೆ ಮತ್ತೆ ಒತ್ತಬೇಡಿ. ಒಂದು ಸಲ ಒತ್ತಿ, ತಿರುಗದಿದ್ದರೆ ನಡೆದುಹೋಗಿ ಅದರ ಕಣ್ಣಿಗೆ ಕಾಣುವಂತೆ ನಿಲ್ಲಿ. ಹತ್ತು ಸಲ ಒತ್ತಿದ ಮೇಲೆ ನೋಡಿದರೂ ನಡೆಯುತ್ತದೆ ಅಂತ ಕಲಿಸಿಬಿಟ್ಟರೆ ಹೊರಗೆ ಕಾಲರ್ ಇದ್ದೂ ಇಲ್ಲದಂತೆ. ಮೊದಲು ಕಾಲರ್ ಕೆಲಸ ಮಾಡುತ್ತಿದೆಯೇ ಅಂತಲೂ ನೋಡಿ. ಬ್ಯಾಟರಿ ಮುಗಿದಿರುತ್ತದೆ, ಡಬ್ಬಿ ಜಾರಿ ಕೂದಲಿನ ಮೇಲೆ ಕೂತಿರುತ್ತದೆ. ಕಾಲರಿನಡಿ ಎರಡು ಬೆರಳು ಹೋಗಬೇಕು, ಅದಕ್ಕಿಂತ ಸಡಿಲ ಬೇಡ, ಬಿಗಿಯೂ ಬೇಡ. ದಿನವಿಡೀ ಹಾಕಿಡಬೇಡಿ, ಡಬ್ಬಿ ಒತ್ತಿದ ಜಾಗದಲ್ಲಿ ಚರ್ಮ ಕೆಂಪಾಗಿ ಹುಣ್ಣಾಗುತ್ತದೆ. ಪಾಠಕ್ಕೆ ಮತ್ತು ಹೊರಗೆ ಹೋಗುವುದಕ್ಕೆ ಹಾಕಿ, ಮನೆಗೆ ಬಂದ ಮೇಲೆ ತೆಗೆದು ಚರ್ಮ ನೋಡಿ. ಪೆಟ್ಟಿಗೆಯ ಮೇಲೆ ಬರೆದ ದೂರವನ್ನು ಪೂರ್ತಿ ನಂಬಬೇಡಿ. ಅದು ಬಯಲಿನ ಲೆಕ್ಕ, ಗೋಡೆ ಮರ ಅಡ್ಡ ಬಂದರೆ ಕಡಿಮೆಯಾಗುತ್ತದೆ.

ಕಾಲರ್ ಒಪ್ಪದ ನಾಯಿಗೆ ಹಗ್ಗವೇ ಕಾಲರ್. ಹಗ್ಗದಲ್ಲಿ ಮೆಲ್ಲಗೆ ಎರಡು ಸಲ ಟಕ್ ಟಕ್ ಅಂತ ತಟ್ಟಿ, ತಿರುಗಿದಾಗ ಹೆಬ್ಬೆರಳು, ತಿಂಡಿ. ಎಳೆಯುವುದಲ್ಲ, ತಟ್ಟುವುದು. ಹೂಕುಂಡದ ನಾಯಿಗೆ ಕೊನೆಗೆ ಇದನ್ನೇ ಕಲಿಸಿದೆವು. ಕಾಲರ್ ಒಪ್ಪಿದ ನಾಯಿಗೂ ಇದನ್ನು ಕಲಿಸಿಡಿ, ಬ್ಯಾಟರಿ ಹೋದ ದಿನ ಬೇಕಾಗುತ್ತದೆ. ಕೆಲವರು ಟಾರ್ಚ್ ಅಥವಾ ಲೇಸರ್ ಬೆಳಕು ಬಿಟ್ಟು ಕರೆಯುತ್ತಾರೆ. ಲೇಸರ್ ಖಂಡಿತ ಬೇಡ. ಅದನ್ನು ಅಟ್ಟಿಸಿಕೊಂಡು ಹೋಗುವ ಗೀಳು ಹತ್ತಿದರೆ ಬಿಡಿಸುವುದು ತುಂಬಾ ಕಷ್ಟ. ರಾತ್ರಿ ಅಂಗಳದಿಂದ ಒಳಗೆ ಕರೆಯಲು ವರಾಂಡದ ದೀಪವನ್ನು ಎರಡು ಸಲ ಆರಿಸಿ ಹೊತ್ತಿಸುವುದು ಒಳ್ಳೆಯ ಉಪಾಯ. ನೆಲ ಕುಟ್ಟಿ ಕರೆಯುವುದು ಮರದ ನೆಲದ ಮನೆಗಳ ಉಪಾಯ. ನಮ್ಮ ಕಾಂಕ್ರೀಟಿನ ಮೇಲಿನ ಟೈಲ್ಸ್, ಗ್ರಾನೈಟ್ ನೆಲ ಕುಟ್ಟಿದರೆ ನಿಮ್ಮ ಹಿಮ್ಮಡಿಗೆ ನೋವಾಗುತ್ತದೆ ಅಷ್ಟೇ, ನಾಯಿಗೆ ಏನೂ ತಿಳಿಯುವುದಿಲ್ಲ. ಅದು ಮಲಗಿದ ಮಂಚವನ್ನೋ ಹಲಗೆಯನ್ನೋ ತಟ್ಟಿದರೆ ತಿಳಿಯುತ್ತದೆ.

ಕೈಸನ್ನೆಯ ವಿಷಯವನ್ನು ಬೇಗ ಮುಗಿಸುತ್ತೇನೆ. ಯಾವ ಸನ್ನೆಯಾದರೂ ಆಗಬಹುದು. ಆದರೆ ಒಂದೇ ಕೈಯಲ್ಲಿ ಮಾಡುವಂತಿರಲಿ, ಇನ್ನೊಂದು ಕೈಯಲ್ಲಿ ಹಗ್ಗ ಇರುತ್ತದಲ್ವಾ. ಒಂದಕ್ಕೊಂದು ದೂರದಿಂದಲೂ ಬೇರೆ ಕಾಣಬೇಕು. ಮನೆಯಲ್ಲಿ ಎಲ್ಲರೂ ಅದನ್ನೇ ಮಾಡಬೇಕು. ಬೆಳ್ಳಿಯ ಮನೆಯಲ್ಲಿ ಮೊಮ್ಮಗ ಎಲ್ಲ ಸನ್ನೆಗಳ ಚಿತ್ರ ಬರೆದು ಫ್ರಿಜ್ಜಿನ ಮೇಲೆ ಅಂಟಿಸಿದ. ಅಲ್ಲಿವರೆಗೆ ಅಜ್ಜಿಯ "ಬಾ" ಒಂದು ಥರ, ಸೊಸೆಯ "ಬಾ" ಇನ್ನೊಂದು ಥರ ಇತ್ತು.

"ಬಾ" ಅನ್ನುವುದನ್ನು ದೊಡ್ಡದಾಗಿ ಮಾಡಿ. ತೋಳನ್ನು ಪಕ್ಕಕ್ಕೆ ಪೂರ್ತಿ ಚಾಚಿ ಎದೆಗೆ ತನ್ನಿ. ನಾಯಿಯ ಕಣ್ಣು ನಿಂತ ವಸ್ತುವಿಗಿಂತ ಚಲಿಸುವ ವಸ್ತುವನ್ನು ಚೆನ್ನಾಗಿ ಹಿಡಿಯುತ್ತದೆ. ಬಿಳಿ ಗೋಡೆಯ ಮುಂದೆ ಬಿಳಿ ಅಂಗಿ ಹಾಕಿ ನಿಂತರೆ ತೋಳು ಕಾಣುವುದಿಲ್ಲ. ಹಸಿರು ಗಿಡಗಳ ಮುಂದೆ ಕೆಂಪು ಅಂಗಿಯೂ ಅದಕ್ಕೆ ಅಷ್ಟು ಎದ್ದು ಕಾಣುವುದಿಲ್ಲ, ಕೆಂಪು ಹಸಿರಿನ ವ್ಯತ್ಯಾಸ ನಾಯಿಗೆ ತಿಳಿಯುವುದು ಕಡಿಮೆ. ತಿಳಿ ನೀಲಿ ಅಥವಾ ಬಿಳಿ ಅಂಗಿ ಅಲ್ಲಿ ಒಳ್ಳೆಯದು. ಸನ್ನೆ ಮಾಡುವಾಗ ಬಾಯಲ್ಲೂ ಹೇಳಿ. ಅದಕ್ಕೆ ಕೇಳಿಸದಿದ್ದರೂ ಹೇಳಿದಾಗ ನಿಮ್ಮ ಮುಖ ಬದಲಾಗುತ್ತದೆ, ಅದನ್ನು ಅದು ಓದುತ್ತದೆ.

ಜನ ಮರೆಯುವ ಒಂದು ಸನ್ನೆ ಇದೆ: "ಮುಗೀತು." ಎರಡೂ ಅಂಗೈ ಖಾಲಿ ತೋರಿಸುವುದು. ಪಾಠ ಮುಗಿಯಿತು ಅಂತ ತಿಳಿಯದೆ ಕಿವಿ ಕೇಳದ ನಾಯಿಗಳು ನಿಮ್ಮನ್ನೇ ಗಮನಿಸುತ್ತಾ ಕೂತಿರುತ್ತವೆ, ಮಲಗುವುದೇ ಇಲ್ಲ. ಈ ಸನ್ನೆ ಕಲಿತರೆ ಹೋಗಿ ಮಲಗುತ್ತವೆ.

ಮಲಗಿದ ನಾಯಿಯ ಬಗ್ಗೆ ಒಂದು ಮಾತು. ಗಾಢ ನಿದ್ದೆಯಲ್ಲಿದ್ದಾಗ ಮುಟ್ಟಿದರೆ ಯಾವ ನಾಯಿಯಾದರೂ ಬೆಚ್ಚುತ್ತದೆ. ಇದಕ್ಕೆ ನೀವು ಬರುವ ಸದ್ದು ಕೇಳದು, ಇನ್ನೂ ಜಾಸ್ತಿ ಬೆಚ್ಚುತ್ತದೆ. ಬೆಚ್ಚಿದ ಬಾಯಿಗೆ ಮಗುವಿನ ಕೈ ಸಿಕ್ಕರೆ ಕಷ್ಟ. ಮನೆಯವರು ಮೊದಲು ಮೂಗಿನ ಮುಂದೆ ಕೈ ಹಿಡಿಯಲಿ, ವಾಸನೆಗೇ ಎಚ್ಚರವಾಗುತ್ತದೆ. ಆಗದಿದ್ದರೆ ಭುಜವನ್ನು ಎರಡು ಬೆರಳಲ್ಲಿ ಮೆಲ್ಲಗೆ ಮುಟ್ಟಿ. ಕಣ್ಣು ಬಿಟ್ಟ ಕೂಡಲೇ ತಿಂಡಿ. ಎಚ್ಚರವಿದ್ದಾಗಲೂ ಹಿಂದಿನಿಂದ ಭುಜ ಮುಟ್ಟಿ, ತಿಂಡಿ ಕೊಡಿ. ಭುಜ ಮುಟ್ಟಿದರೆ ಒಳ್ಳೆಯದಾಗುತ್ತದೆ ಅನ್ನುವುದು ಅದರ ಮೈಗೆ ಹತ್ತಬೇಕು. ಚಿಕ್ಕ ಮಕ್ಕಳಿಗೆ ಮಾತ್ರ ಮಲಗಿದ ನಾಯಿಯ ಹತ್ತಿರ ಹೋಗಬೇಡ ಅಂತಲೇ ಹೇಳಿ.

ಈಗ ಹೊರಗೆ. ಇಲ್ಲಿ ನನ್ನ ಅಭಿಪ್ರಾಯ ಗಟ್ಟಿ. ಕಿವಿ ಕೇಳದ ನಾಯಿಯನ್ನು ಬೇಲಿ ಇಲ್ಲದ ಜಾಗದಲ್ಲಿ ಹಗ್ಗ ಬಿಚ್ಚಿ ಬಿಡಬಾರದು, ಅದು ಎಷ್ಟೇ ಕಲಿತಿರಲಿ. ಒಂದು ಲೆಕ್ಕ ನೋಡಿ. ಗಂಟೆಗೆ 30 ಕಿಲೋಮೀಟರ್ ವೇಗದ ಸ್ಕೂಟರ್ ಸೆಕೆಂಡಿಗೆ 8 ಮೀಟರ್‌ಗಿಂತ ಹೆಚ್ಚು ಓಡುತ್ತದೆ. ನೀವು ಕಾಲರ್ ಒತ್ತಿ ಒಂದು ಸೆಕೆಂಡ್, ನಾಯಿ ತಿರುಗಿ ನಿಮ್ಮನ್ನು ಹುಡುಕಲು ಇನ್ನೊಂದು, ಸನ್ನೆ ನೋಡಿ ನಿಲ್ಲಲು ಮತ್ತೊಂದು. ಅಷ್ಟರಲ್ಲಿ ಸ್ಕೂಟರ್ 25 ಮೀಟರ್ ಬಂದಿರುತ್ತದೆ. ನಮ್ಮ ಬಡಾವಣೆಗಳ ಅಡ್ಡರಸ್ತೆಯಲ್ಲಿ ತಿರುವಿನಿಂದ ತಿರುವಿಗೆ ಅಷ್ಟು ದೂರವೇ ಇರುವುದಿಲ್ಲ ಎಷ್ಟೋ ಕಡೆ.

ಓಡಾಡಿಸಲು ಉದ್ದ ಹಗ್ಗ ಬಳಸಿ, 5ರಿಂದ 10 ಮೀಟರ್. ಅದನ್ನು ಕಾಲರಿಗೆ ಕಟ್ಟಬೇಡಿ. ಓಡಿಹೋದ ನಾಯಿ ಹಗ್ಗದ ತುದಿಗೆ ಬಂದಾಗ ಪೂರ್ತಿ ಪೆಟ್ಟು ಕತ್ತಿಗೆ ಬೀಳುತ್ತದೆ. ಎದೆಯ ಮೇಲೆ ಹಾದುಹೋಗುವ ಹಾರ್ನೆಸ್ ಹಾಕಿ ಬೆನ್ನಿನ ಕೊಂಡಿಗೆ ಕಟ್ಟಿ. ಹಗ್ಗವನ್ನು ಕೈಗೆ ಸುತ್ತಿಕೊಳ್ಳಬೇಡಿ, ಎಳೆದರೆ ಬೆರಳು ಮುರಿಯುತ್ತದೆ. ಉದ್ದ ಹಗ್ಗ ಮೈದಾನಕ್ಕೆ ಮಾತ್ರ, ರಸ್ತೆಯಲ್ಲಿ ಒಂದೂವರೆ ಮೀಟರ್ ಸಾಕು. ರಸ್ತೆಯಲ್ಲಿ ವಾಹನಗಳು ಎದುರಿಗೆ ಬರುವ ಬದಿಯಲ್ಲಿ ನಡೆಯಿರಿ, ನಾಯಿ ಅಂಚಿನ ಕಡೆ, ನೀವು ವಾಹನದ ಕಡೆ. ಹಿಂದಿನಿಂದ ಬರುವ ವಾಹನ ಅದಕ್ಕೆ ಗೊತ್ತೇ ಆಗುವುದಿಲ್ಲ. ಎಲೆಕ್ಟ್ರಿಕ್ ಸ್ಕೂಟರ್ ಆದರೆ ನಿಮಗೂ ಗೊತ್ತಾಗುವುದಿಲ್ಲ.

ಬೀದಿನಾಯಿಗಳ ವಿಷಯ ಇನ್ನೂ ಸೂಕ್ಷ್ಮ. ಅವು ಮೊದಲು ಗುರ್ ಅನ್ನುತ್ತವೆ, "ಇದು ನಮ್ಮ ಜಾಗ" ಅಂತ. ಕೇಳುವ ನಾಯಿ ಅಲ್ಲೇ ನಿಂತು ಮುಖ ತಿರುಗಿಸುತ್ತದೆ, ಜಗಳ ಮುಗಿಯುತ್ತದೆ. ಕೇಳದ ನಾಯಿ ಮುಂದೆ ಹೋಗುತ್ತಲೇ ಇರುತ್ತದೆ. ಎದುರಿಗಿದ್ದರೆ ಬಾಲ, ಮೈ, ಮುಖ ನೋಡಿ ತಿಳಿದುಕೊಳ್ಳುತ್ತದೆ, ಹಿಂದಿನಿಂದ ಬಂದರೆ ಅದೂ ಇಲ್ಲ. ಹಾಗಾಗಿ ಗುರ್ ಅನ್ನುವುದನ್ನು ಅದರ ಪರವಾಗಿ ನೀವು ಕೇಳಿಸಿಕೊಳ್ಳಬೇಕು. ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಇಂಥ ನಾಯಿಯನ್ನು ವಾಕಿಂಗ್ ಕರೆದೊಯ್ಯಬೇಡಿ. ನಿಮ್ಮ ಬೀದಿಯ ನಾಯಿಗಳಿಗೆ ಯಾರು ಯಾವಾಗ ಅನ್ನ ಹಾಕುತ್ತಾರೆ ತಿಳಿದುಕೊಂಡು, ಆ ಹೊತ್ತಿಗೆ ಆ ದಾರಿ ಬಿಡಿ. ಗುಂಪು ಹತ್ತಿರ ಬಂದರೆ ಓಡಬೇಡಿ. ನಿಮ್ಮ ನಾಯಿಯನ್ನು ಹಿಂದಕ್ಕೆ ಎಳೆದುಕೊಂಡು, ಛತ್ರಿ ಬಿಚ್ಚಿ ಮುಂದೆ ಹಿಡಿದು, ನಿಧಾನ ಹಿಂದೆ ಸರಿಯಿರಿ. ಟೀಚರ್ ವರ್ಷವಿಡೀ ಛತ್ರಿ ಒಯ್ಯುತ್ತಾರೆ. ನಿಮ್ಮ ನಾಯಿಯ ರೇಬೀಸ್ ಚುಚ್ಚುಮದ್ದಿನ ಗಡುವು ಒಂದು ದಿನವೂ ದಾಟಬಾರದು.

ಕೊರಳಪಟ್ಟಿಗೆ ಒಂದು ಬಿಲ್ಲೆ ಹಾಕಿ. ಅದರ ಮೇಲೆ "ನನಗೆ ಕಿವಿ ಕೇಳಿಸದು" ಅಂತ ಕನ್ನಡದಲ್ಲಿ, ಕೆಳಗೆ ಫೋನ್ ನಂಬರ್. ಹೆಸರು ಬೇಕಿಲ್ಲ, ಹೆಸರು ಕೂಗಿ ಪ್ರಯೋಜನ ಇಲ್ಲ. ಒಂದು ಚಿಕ್ಕ ಗೆಜ್ಜೆಯನ್ನೂ ಕಟ್ಟಿ. ಅದು ನಾಯಿಗಲ್ಲ, ನಿಮಗೆ. ತೋಟದಲ್ಲಿ, ಕತ್ತಲಲ್ಲಿ ಅದು ಎಲ್ಲಿದೆ ಅಂತ ನಿಮಗೆ ಕೇಳಿಸುತ್ತದೆ.

ಇನ್ನೊಂದು ಅಪಾಯ ಮನೆಯ ಅಂಗಳದಲ್ಲೇ ಇದೆ. ನಾಯಿಗಳು ನಿಂತ ಕಾರಿನಡಿ ನೆರಳಿಗೆ ಮಲಗುತ್ತವೆ. ಎಂಜಿನ್ ಶುರುವಾದರೆ ಬೇರೆ ನಾಯಿ ಎದ್ದು ಓಡುತ್ತದೆ, ಇದು ಮಲಗಿಯೇ ಇರುತ್ತದೆ. ಕಾರು ಹೊರಡುವ ಮೊದಲು ಬಗ್ಗಿ ನೋಡುವುದು ಮನೆಯವರ, ಡ್ರೈವರ್‌ಗಳ, ಬಂದ ನೆಂಟರ ಎಲ್ಲರ ಕೆಲಸ. ಬೆಳ್ಳಿಯ ಮನೆಯಲ್ಲಿ ಕಾರಿನ ಕೀಲಿ ತಗಲುಹಾಕುವ ಜಾಗದಲ್ಲೇ ನಾಯಿಯ ಹಗ್ಗವನ್ನೂ ತಗಲುಹಾಕುತ್ತಾರೆ. ಕೀಲಿ ತೆಗೆಯುವಾಗ ಹಗ್ಗ ಅಲ್ಲೇ ಕಂಡರೆ ನಾಯಿ ಕಟ್ಟಿಲ್ಲ ಅಂತ ಅರ್ಥ. ಹುಡುಕಿದ ಮೇಲೆಯೇ ಕಾರು.

ಸಭೆಯಲ್ಲಿ ಒಬ್ಬರು ಕೇಳಿದರು: "ಸರ್, ತಪ್ಪಿಸಿಕೊಂಡು ಹೋದರೆ ಏನು ಮಾಡೋದು? ಕೂಗೋ ಹಾಗಿಲ್ಲವಲ್ಲ?"

ಅಟ್ಟಿಸಿಕೊಂಡು ಹೋಗಬೇಡಿ. ಹಿಂದೆ ಓಡಿದರೆ ಅದಕ್ಕೆ ನೀವು ಕಾಣುವುದಿಲ್ಲ, ಕಂಡರೂ ಆಟ ಅಂದುಕೊಳ್ಳುತ್ತದೆ. ಕಾಲರ್ ಇದ್ದರೆ ಒಂದು ಸಲ ಒತ್ತಿ. ತಿರುಗಿದರೆ ದೊಡ್ಡದಾಗಿ "ಬಾ" ಮಾಡಿ, ನೀವೇ ವಿರುದ್ಧ ದಿಕ್ಕಿಗೆ ಓಡಿ. ಕಾಲರ್ ಇಲ್ಲದಿದ್ದರೆ ಸುತ್ತು ಹಾಕಿ ಅದರ ಮುಂದೆ, ದೂರದಲ್ಲಿ, ಕಾಣುವ ಹಾಗೆ ಹೋಗಿ. ಪಕ್ಕಕ್ಕೆ ತಿರುಗಿ ಕುಕ್ಕರುಗಾಲಲ್ಲಿ ಕೂರಿ. ಕಣ್ಣಿಗೆ ಬಿದ್ದಾಗ ಸನ್ನೆ. ಎಲ್ಲೂ ಕಾಣದಿದ್ದರೆ ಸುತ್ತಲಿನ ಕಾರುಗಳ ಅಡಿ, ಚರಂಡಿ ಚಪ್ಪಡಿ ಸಂದು, ಕಟ್ಟುತ್ತಿರುವ ಮನೆಗಳ ಒಳಗೆ ಬಗ್ಗಿ ನೋಡಿ. ನೀವು ಪಕ್ಕದಲ್ಲೇ ಕೂಗುತ್ತಾ ಹೋದರೂ ಅದು ಮಲಗಿರಬಹುದು. ತಪ್ಪಿಸಿಕೊಂಡ ಜಾಗದಲ್ಲಿ ಅದು ಮಲಗುವ ಬಟ್ಟೆ ಇಡಿ, ಎಷ್ಟೋ ಸಲ ವಾಸನೆ ಹಿಡಿದು ಅಲ್ಲಿಗೇ ಬರುತ್ತವೆ.

ಇನ್ನೊಬ್ಬರ ನಾಯಿಗೆ ಹನ್ನೆರಡು ವರ್ಷ. ಈಗ ಬಾಗಿಲು ಬಡಿದರೆ ಕೇಳುತ್ತದೆ, ಕರೆದರೆ ಕೇಳುವುದಿಲ್ಲ. "ಈ ವಯಸ್ಸಲ್ಲಿ ಕಲಿಯುತ್ತಾ?" ಅಂತ ಕೇಳಿದರು.

ಕಲಿಯುತ್ತದೆ. ಇನ್ನೂ ಸ್ವಲ್ಪ ಕೇಳಿಸುತ್ತಿರುವಾಗಲೇ ಶುರು ಮಾಡಿ. ಗೊತ್ತಿರುವ ಮಾತಿಗೆ ಸನ್ನೆ ಜೋಡಿಸಬೇಕು ಅಷ್ಟೇ. ಮೊದಲು ಸನ್ನೆ, ಅರ್ಧ ಸೆಕೆಂಡ್ ಬಿಟ್ಟು ಮಾತು. ಮಾತಿಗಿಂತ ಮೊದಲೇ ಅದು ಸನ್ನೆಗೆ ಕೂರಲು ಶುರು ಮಾಡಿದ ದಿನ ಮಾತು ಬಿಡಬಹುದು. ಹಳೇ ನಾಯಿಗಳಿಗೆ ಕಣ್ಣೂ ಮಂದವಾಗುತ್ತದೆ, ಅದಕ್ಕೆ ಈಗಲೇ ಮುಟ್ಟುವ ಸನ್ನೆಗಳನ್ನೂ ಸೇರಿಸಿ: ಸೊಂಟದ ಮೇಲೆ ಎರಡು ಬೆರಳು ಅಂದರೆ ಕೂರು, ಗಲ್ಲದಡಿ ಅಂಗೈ ಅಂದರೆ ನನ್ನ ಜೊತೆ ಬಾ. ಹನ್ನೆರಡರ ನಾಯಿಗೆ ವೈಬ್ರೇಷನ್ ಕಾಲರ್ ಹೊಸದಾಗಿ ಹಾಕಲು ನಾನು ಹೋಗುವುದಿಲ್ಲ. ಉದ್ದ ಹಗ್ಗ, ಭುಜದ ಮೇಲಿನ ಎರಡು ಬೆರಳು, ವರಾಂಡದ ದೀಪ, ಇಷ್ಟರಲ್ಲೇ ಅದರ ದಿನ ನಡೆಯುತ್ತದೆ.